ಎದೆಗೆ ಒದ್ದರೂ ಹಳದಿ, ಅಂಗಿ ಬಿಚ್ಚಿದರೂ ಹಳದಿ

2010ರ ಫುಟ್‌ಬಾಲ್ ವಿಶ್ವಕಪ್ ಫೈನಲ್, ಜೋಹಾನ್ಸ್‌ಬರ್ಗ್. ಆಟ ಶುರುವಾಗಿ ಅರ್ಧ ಗಂಟೆ ಆಗಿರಲಿಲ್ಲ. ಗಾಳಿಯಲ್ಲಿದ್ದ ಚೆಂಡಿಗೆಂದು ನೆದರ್ಲೆಂಡ್ಸ್‌ನ ಡಿ ಯಾಂಗ್ ಎತ್ತಿದ ಬೂಟುಗಾಲು ಸ್ಪೇನ್‌ನ ಶಾಬಿ ಅಲೊನ್ಸೊ ಎದೆಗೆ ಬಂದು ನಾಟಿತು. ರೆಫರಿ ಹೋವರ್ಡ್ ವೆಬ್ ಜೇಬಿನಿಂದ ಹೊರಬಂದದ್ದು ಹಳದಿ ಕಾರ್ಡ್. 116ನೇ ನಿಮಿಷದಲ್ಲಿ ಸ್ಪೇನ್‌ನ ಇನಿಯೆಸ್ತಾ ಗೋಲು ಹೊಡೆದ, ಅಂಗಿ ಬಿಚ್ಚಿದ. ತೀರಿಹೋದ ಗೆಳೆಯ ದಾನಿ ಹಾರ್ಕೆಯ ಹೆಸರು ಒಳಬನಿಯನ್ ಮೇಲಿತ್ತು. ಅವನಿಗೂ ಹಳದಿ. ಸಮಾನತೆ ಎಂದರೆ ಇದಪ್ಪಾ!

ನಿಯಮ ಪುಸ್ತಕದಲ್ಲಿರುವ ಲೆಕ್ಕ ಬೇರೆ. ಎದುರಾಳಿ ಮೇಲೆ ಬರೀ ಅಜಾಗರೂಕತೆಯಿಂದ ಬಿದ್ದರೆ ಫ್ರೀ ಕಿಕ್ ಅಷ್ಟೇ, ಕಾರ್ಡ್ ಇಲ್ಲ. ಅವನಿಗೇನಾದೀತು ಎಂಬ ಪರಿವೆಯೇ ಇಲ್ಲದೆ ನುಗ್ಗಿದರೆ ಹಳದಿ. ಅತಿಯಾದ ಬಲ ಹಾಕಿದರೆ, ಅವನ ಮೈಗೆ ಅಪಾಯ ತಂದರೆ ಕೆಂಪು, ಅಂದರೆ ಅಂಗಳದಿಂದ ಹೊರಗೆ. ಚೆಂಡಿಗೇ ಹೋಗಿದ್ದೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಅಂದರೆ ಡಿ ಯಾಂಗ್‌ಗೆ ಕೆಂಪೇ ಸಲ್ಲಬೇಕಿತ್ತು. ರೆಫರಿಗೆ ಅದು ಸರಿಯಾಗಿ ಕಾಣಲಿಲ್ಲ. ವೆಬ್ ಆಮೇಲೆ ಒಪ್ಪಿಕೊಂಡರು, ಪಂದ್ಯ ಮುಗಿದ ಮೇಲೆ. ಅಂಗಿ ವಿಷಯದಲ್ಲಿ ಈ ತೂಗಿ ನೋಡುವ ಗೋಜೇ ಇಲ್ಲ. ಬಿಚ್ಚಿದೆಯಾ? ಹಳದಿ. ತಲೆಗೆ ಮುಸುಕು ಹಾಕಿಕೊಂಡೆಯಾ? ಅದಕ್ಕೂ ಹಳದಿ. ಎದೆಯ ಮೇಲಿನ ಬೂಟು ಕಣ್ತಪ್ಪಬಹುದು, ಬಿಚ್ಚಿದ ಅಂಗಿ ಯಾವ ರೆಫರಿಗೂ ತಪ್ಪಿದ್ದಿಲ್ಲ.

ಇನ್ನು ನೆದರ್ಲೆಂಡ್ಸ್‌ನ ಹೈಟಿಂಗಾ ಪಾಡು ಕೇಳಿ. ಮೊದಲೇ ಒಂದು ಹಳದಿ ಪಡೆದಿದ್ದ ಈತ 109ನೇ ನಿಮಿಷದಲ್ಲಿ ಓಡುತ್ತಿದ್ದ ಇನಿಯೆಸ್ತಾನನ್ನು ಹಿಡಿದೆಳೆದ. ಬಿಡಿಯಾಗಿ ನೋಡಿದರೆ ಅದು ಹಳದಿಯ ತಪ್ಪೇ. ಆದರೆ ಎರಡು ಹಳದಿ ಸೇರಿದರೆ ಕೆಂಪು, ಆದ್ದರಿಂದ ವೆಬ್ ಮೊದಲು ಹಳದಿ, ಬೆನ್ನಿಗೇ ಕೆಂಪು ತೋರಿಸಿದರು. ಎದೆಗೆ ಒದ್ದ ಮಹಾಶಯ ಅಷ್ಟರಲ್ಲಿ ಏನಾಗಿದ್ದ? 99ನೇ ನಿಮಿಷದಲ್ಲಿ ಮರ್ಯಾದೆಯಿಂದ ಹೊರಗೆ ಬಂದು, ತನ್ನ ಜಾಗಕ್ಕೆ ವಾನ್ ಡರ್ ವಾರ್ಟ್‌ನನ್ನು ಕಳಿಸಿದ್ದ. ಹೈಟಿಂಗಾಗೆ ಆ ಭಾಗ್ಯವಿಲ್ಲ. ಕೆಂಪು ಬಿದ್ದವನ ಜಾಗಕ್ಕೆ ಬದಲಿ ಆಟಗಾರ ಬರುವಂತಿಲ್ಲ; ಬದಲಿ ಅವಕಾಶ ಉಳಿದಿದ್ದರೂ ಅಷ್ಟೇ. ಅವನು ಅಂಗಳದ ಪಕ್ಕದ ಬೆಂಚಿನಲ್ಲೂ ಕೂರುವಂತಿಲ್ಲ, ಸೀದಾ ಒಳಗೆ ನಡೆಯಬೇಕು. ಮುಂದಿನ ಪಂದ್ಯಕ್ಕೂ ಸಾಮಾನ್ಯವಾಗಿ ನಿಷೇಧ. ಉಳಿದ ಹತ್ತು ಜನ ರಕ್ಷಣೆಯ ನಡುವಿನ ತೂತು ಮುಚ್ಚಲು ಹೆಣಗಿದರು. ಏಳೇ ನಿಮಿಷಕ್ಕೆ ಗೋಲು ಬಿತ್ತು.

ಗೋಲು ಹೊಡೆದು ಅಂಗಿಗೆ ಕೈ ಹಾಕುವವರಿಗೆ ಇನ್ನೊಂದು ಸಿಹಿಸುದ್ದಿ ಇದೆ. ಮೊದಲೇ ಒಂದು ಹಳದಿ ತಲೆ ಮೇಲಿದ್ದರೆ ಸಂಭ್ರಮ ಮುಗಿಯುವಷ್ಟರಲ್ಲಿ ಕೆಂಪು ಗ್ಯಾರಂಟಿ. 2022ರ ಕತಾರ್‌ನಲ್ಲಿ ಬ್ರೆಜಿಲ್ ವಿರುದ್ಧ ಗೆಲುವಿನ ಗೋಲು ಹೊಡೆದ ಕ್ಯಾಮರೂನ್‌ನ ಅಬೂಬಕರ್‌ಗೆ ಆದದ್ದು ಅದೇ: ರೆಫರಿ ನಗುತ್ತ ಕೈಕುಲುಕಿ, ಆಮೇಲೆ ಹೊರಗೆ ಕಳಿಸಿದರು. ಅವನಿಗೆ ಗೋಲಾದರೂ ದಕ್ಕಿತು. ಅಂಗಿ ಬಿಚ್ಚಿ ಕುಣಿದಾದ ಮೇಲೆ ವಿಡಿಯೊ ನೋಡಿ ಆಫ್‌ಸೈಡ್ ಎಂದರೆ ಗೋಲು ವಾಪಸ್, ಹಳದಿ ಮಾತ್ರ ಖಾಯಂ.