ಪಯೋಗ್ಲಿಟಜೋನ್ ಬ್ಯಾನ್ ಆಗಿಲ್ಲ, ಆದರೆ ಕಾಲಿನ ಬಾವು ಕಡೆಗಣಿಸಬೇಡಿ

“ಪಯೋಗ್ಲಿಟಜೋನ್ ಗುಳಿಗೆ ಬ್ಯಾನ್ ಆಗ್ಯಾದ, ಮೂತ್ರಕೋಶದ ಕ್ಯಾನ್ಸರ್ ಬರ್ತದ. ಇವತ್ತೇ ಬಿಡ್ರಿ. ಕಾಲು ಬಾವು ಬಂದ್ರ ಅದು ಬಿಸಿಲಿಂದು, ಹೆದರಬ್ಯಾಡ್ರಿ.” ಕಲಬುರಗಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ.

2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಈ ಸಕ್ಕರೆ ಕಾಯಿಲೆ ಗುಳಿಗೆಗೆ ತಡೆ ಹಾಕಿದ್ದು ನಿಜ. ಜುಲೈ ಕೊನೆಗೇ ಅದನ್ನು ತೆಗೆದು, ಎಚ್ಚರಿಕೆ ಮುದ್ರಿಸಿ ಮಾರಲು ಬಿಟ್ಟಿತು. ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡರೆ ಮೂತ್ರಕೋಶದ ಕ್ಯಾನ್ಸರ್ ಅಪಾಯ ಸ್ವಲ್ಪ ಏರಬಹುದು. ಆ ಕ್ಯಾನ್ಸರ್ ಇದ್ದವರಿಗೆ ಇದನ್ನು ಕೊಡಬಾರದು. ಮೂತ್ರ ಕೆಂಪಾದರೆ, ನೋವಿಲ್ಲದಿದ್ದರೂ ತೋರಿಸಿ.

ಬಿಸಿಲಿನ ಮಾತೇ ನನಗೆ ಜಾಸ್ತಿ ಭಯ ಹುಟ್ಟಿಸುವುದು. ಈ ಔಷಧಿ, ಮೂತ್ರಪಿಂಡ ಉಪ್ಪು, ನೀರನ್ನು ಹೊರಹಾಕದೆ ಮೈಯಲ್ಲೇ ಉಳಿಸುವಂತೆ ಮಾಡುತ್ತದೆ. ಇನ್ಸುಲಿನ್ ಜೊತೆಗಿದ್ದರೆ ಇನ್ನೂ ಹೆಚ್ಚು. ದುರ್ಬಲ ಹೃದಯಕ್ಕೆ ಆ ಭಾರ ತಡೆಯದು. ಅದಕ್ಕೇ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಇದು ಬೇಡ.

ಇನ್ಸುಲಿನ್ ಜೊತೆ 30 ಮಿ.ಗ್ರಾಂ. ಶುರುಮಾಡಿದ ಅರವತ್ತು ದಾಟಿದ ಒಬ್ಬರನ್ನು ಅಂದುಕೊಳ್ಳಿ. ಶುಗರ್ ಚೆನ್ನಾಗಿ ಇಳಿದಿದೆ. ಆದರೆ ವಾರದಲ್ಲಿ ಮೂರು ಕೆಜಿ ತೂಕ ಏರಿದೆ, ಸಂಜೆ ಚಪ್ಪಲಿ ಬಿಗಿ, ಕಣಕಾಲು ಒತ್ತಿದರೆ ಗುಳಿ ಉಳಿಯುತ್ತದೆ. ರಾತ್ರಿ ಎರಡು ದಿಂಬಿಲ್ಲದೆ ಉಸಿರು ಕಟ್ಟುತ್ತದೆ. ಇದು ಬಿಸಿಲಲ್ಲ. ಅವತ್ತೇ ಡಾಕ್ಟರಿಗೆ ತೋರಿಸಬೇಕು. ಕೂತಲ್ಲೇ ಏದುಸಿರು ಬಂದರೆ ತುರ್ತು ವಿಭಾಗಕ್ಕೇ ಹೋಗಬೇಕು. ನೀರು ಇಳಿಸುವ ಗುಳಿಗೆ ತಂದು ನುಂಗಿ ಕಾಯಬೇಡಿ, ಈ ಬಾವು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆ ಒಂದೇ ಗುಳಿಗೆಯಲ್ಲಿ ಇದು ಬೆರೆತಿರುವುದೂ ಉಂಟು. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿಸಿ ನೋಡಿ.