ಮುಂದ್ಗಡೆ ಗುಡ್ಡ, ಹಿಂದ್ಗಡೆ ಚಿಕೋರಿ

ಮೆಲ್ಬರ್ನ್‌ನಲ್ಲಿ ನಮ್ಮ ಮನೆ ಹತ್ತಿರ ಕಾಫಿಬೀಜ ಹುರಿದು ಮಾರುವ ಸಣ್ಣ ಅಂಗಡಿಯೊಂದಿದೆ. ಅಲ್ಲಿನ ಹುಡುಗಿ ಒಂದು ಪೊಟ್ಟಣ ಮುಂದಿಟ್ಟು, "ಇದು ನಿಮ್ಮ ಕಡೆಯದು, ಎಸ್.795, ಕುಡಿದೇ ಇರ್ತೀರಿ ಅಲ್ವಾ?" ಅಂದಳು. ಆ ಹೆಸರು ನಾನು ಕೇಳಿಯೇ ಇರಲಿಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದಲ್ಲಿ ಬೆಳೆಸಿದ ಅರೇಬಿಕಾ ತಳಿಯಂತೆ. ದಾವಣಗೆರೆಯಲ್ಲಿ ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬಾಳೆಹೊನ್ನೂರು ಸೇರಬಹುದು. ಅದನ್ನು ನನಗೆ ಹೇಳಿಕೊಟ್ಟವಳು ಇಂಡಿಯಾ ನೋಡದ ಹುಡುಗಿ. ಸ್ವಲ್ಪ ಚುಚ್ಚಿತು.

ಆ ಪೊಟ್ಟಣದ ಮೇಲೆ ಎಲ್ಲವೂ ಇತ್ತು. ಊರು ಚಿಕ್ಕಮಗಳೂರು, ತೋಟದ ಹೆಸರು, ತೋಟ ಇರುವ ಎತ್ತರ, ಬೀಜವನ್ನು ಹೇಗೆ ಒಣಗಿಸಿದರು, ಯಾವ ತಾರೀಕು ಹುರಿದರು. ಆಮೇಲೆ ರಜೆಗೆ ಊರಿಗೆ ಹೋದಾಗ ಅಡುಗೆಮನೆಯಲ್ಲಿದ್ದ ಅರ್ಧ ಕೆಜಿ ಕಾಫಿಪುಡಿ ಪೊಟ್ಟಣ ಕೈಗೆ ಬಂತು. ಮುಂದ್ಗಡೆ ಹಸಿರು ಗುಡ್ಡ, ಮಂಜು, ಹಣ್ಣು ಬಿಡಿಸುತ್ತಿರುವ ಹೆಂಗಸಿನ ಚಿತ್ರ. 'ಚಿಕ್ಕಮಗಳೂರು ಕಾಫಿ', 'ಸ್ಟ್ರಾಂಗ್ ಬ್ಲೆಂಡ್', 'ಪ್ಲಾಂಟೇಶನ್ ಎ', 'ಪೀಬೆರಿ' ಅಂತ ದಪ್ಪಕ್ಷರ. ಹಿಂದ್ಗಡೆ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕಾಫಿ 53%, ಚಿಕೋರಿ 47%.

"ಅತ್ತಿಗೆ, ಇದನ್ನ ನೋಡಿದ್ದೀರಾ?" ಅಂದೆ. "ಹಿಂದ್ಗಡೆ ಯಾರು ಓದ್ತಾರಪ್ಪ, ಕಾಫಿ ಚೆನ್ನಾಗಿದೆಯೋ ಇಲ್ವೋ ಹೇಳು" ಅಂದರು.

ಚಿಕೋರಿ ಅಂದರೆ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸುತ್ತಾರೆ. ನನ್ನ ತಕರಾರು ಅದರ ಮೇಲಲ್ಲ. ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಚಿಕೋರಿ ಮಿಶ್ರಣದಲ್ಲಿ ಕಾಫಿ 51%ಗಿಂತ ಕಮ್ಮಿ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು. ಅಂದರೆ ಆ ಪೊಟ್ಟಣದಲ್ಲಿ ಕಣ್ಣುಮುಚ್ಚಿ ನಂಬಬಹುದಾಗಿದ್ದ ಒಂದೇ ಮಾತು ಆ ಇರುವೆ ಸಾಲು. ಬಾಕಿ ಮಾತುಗಳನ್ನೆಲ್ಲ ಬಿಡಿಸಿ ನೋಡಬೇಕು.

'ಬ್ಲೆಂಡ್' ತಗೊಳ್ಳಿ. ಮೆಲ್ಬರ್ನ್‌ನಲ್ಲಿ ಬ್ಲೆಂಡ್ ಅಂದರೆ ಎರಡು ಮೂರು ಕಡೆಯ ಕಾಫಿಬೀಜ ಕೂಡಿಸಿದ್ದು. ನಮ್ಮಲ್ಲಿ ಅರೇಬಿಕಾ ಜೊತೆ ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾ ಸೇರಿಸಿದರೂ ಬ್ಲೆಂಡ್, ಕಾಫಿಗೆ ಚಿಕೋರಿ ಸೇರಿಸಿದರೂ ಬ್ಲೆಂಡ್. ಆ 53%ನಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಅಂತ ಪೊಟ್ಟಣ ಹೇಳಲಿಲ್ಲ.

'ಪ್ಲಾಂಟೇಶನ್ ಎ' ಅಂದರೆ ಯಾವುದೋ ಒಳ್ಳೆ ಎಸ್ಟೇಟಿನದು ಅಂತ ನಮ್ಮ ಮನೆಯವರೆಲ್ಲ ತಿಳಿದಿದ್ದರು. ಕಾಫಿ ವ್ಯಾಪಾರದಲ್ಲಿ ಅದರ ಅರ್ಥವೇ ಬೇರೆ. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕಾಕ್ಕೆ ಪ್ಲಾಂಟೇಶನ್ ಅಂತಾರೆ. ಹಾಗೇ ತೊಳೆದ ರೋಬಸ್ಟಾಕ್ಕೆ ಪಾರ್ಚ್‌ಮೆಂಟ್, ಹಣ್ಣು ಹಣ್ಣಾಗಿಯೇ ಒಣಗಿಸಿದ್ದಕ್ಕೆ ಚೆರ್ರಿ. 'ಎ' ಅನ್ನೋದು ಬೀಜದ ಗಾತ್ರ, ಜರಡಿಯಲ್ಲಿ ಆರಿಸಿದ್ದು. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಕೂತಿರೋದು. ಗಾತ್ರ, ಆಕಾರ ಒಂದೇ ಥರ ಇದ್ದರೆ ಹುರಿಯುವಾಗ ಸಮನಾಗಿ ಬೇಯುತ್ತದೆ, ಅದು ನಿಜವಾದ ಲಾಭ. ರುಚಿಗೆ ಅದು ಗ್ಯಾರಂಟಿ ಅಲ್ಲ. ಟೀ ಪುಡಿಯ 'ಡಸ್ಟ್' ಕೂಡ ಇಂಥದ್ದೇ. ಅದು ಕಸ ಅಲ್ಲ, ಜರಡಿಯ ಸಣ್ಣ ಗಾತ್ರ. ಬೇಗ ಬಣ್ಣ ಬಿಡುತ್ತೆ ಅಂತಲೇ ನಮ್ಮ ಟೀ ಅಂಗಡಿಗಳು ಅದನ್ನು ಇಷ್ಟಪಡೋದು.

ಇನ್ನು ಊರಿನ ಹೆಸರು. 2019ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗು ಮೂರರ ಅರೇಬಿಕಾಕ್ಕೂ ಜಿಐ ಮಾನ್ಯತೆ ಬಂತು, ಅಂದರೆ ಆ ಹೆಸರು ಆ ಪ್ರದೇಶದ ಬೆಳೆಗಷ್ಟೇ ಮೀಸಲು. ಗಮನಿಸಿ, ಅರೇಬಿಕಾಕ್ಕೆ. ಬರೀ 'ಚಿಕ್ಕಮಗಳೂರು ಕಾಫಿ' ಅಂದರೆ ಬೀಜ ಅಲ್ಲಿಯದೋ, ಪುಡಿ ಮಾಡಿದ್ದು ಅಲ್ಲೋ, ಮಾಲೀಕರ ಊರು ಅದೋ ಗೊತ್ತಾಗಲ್ಲ. ಚಿಕೋರಿ ಗಿಡದ ಬೇರಂತೂ ಹೆಚ್ಚಾಗಿ ಬರೋದು ಗುಜರಾತ್, ಉತ್ತರ ಪ್ರದೇಶದ ಹೊಲಗಳಿಂದ. ಆ ಚಿತ್ರದಲ್ಲಿ ಅರ್ಧ ಗುಡ್ಡ ಅಳಿಸಿ ಬಯಲು ಬರೆಯಬೇಕಿತ್ತು.

ದುಡ್ಡಿನ ವಿಷಯ ಬಂದರೆ ಅಣ್ಣ ಕಿವಿ ನಿಮಿರಿಸುತ್ತಾನೆ. ಅದಕ್ಕೇ ಒಂದು ಲೆಕ್ಕ ಬರೆದು ತೋರಿಸಿದೆ. ಸುಮ್ನೆ ಅಂದಾಜಿಗೆ, 53%ರ ಅರ್ಧ ಕೆಜಿಗೆ 300 ರೂಪಾಯಿ, 80%ರದ್ದಕ್ಕೆ 400 ಅಂತ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಕಾಫಿ 265 ಗ್ರಾಂ, ಎರಡನೆಯದರಲ್ಲಿ 400 ಗ್ರಾಂ. ಕಾಫಿಯನ್ನಷ್ಟೇ ಲೆಕ್ಕ ಹಿಡಿದರೆ ಅಗ್ಗದ ಪೊಟ್ಟಣದಲ್ಲಿ ಗ್ರಾಂಗೆ 1 ರೂಪಾಯಿ 13 ಪೈಸೆ, ದುಬಾರಿಯದರಲ್ಲಿ ಬರೀ 1 ರೂಪಾಯಿ. ಅಣ್ಣ ಕಾಗದ ಎರಡು ಸಲ ನೋಡಿ, "ಚಿಕೋರಿಗೂ ದುಡ್ಡಿದೆಯಲ್ಲೋ" ಅಂದ. ಇದೆ, ಆದರೆ ಕಾಫಿಗಿಂತ ತುಂಬಾ ಕಮ್ಮಿ.

ಅತ್ತಿಗೆಗೆ ಲೆಕ್ಕ ಬೇಡ, ಕಣ್ಣಿಗೆ ಕಾಣಬೇಕು. ಒಂದು ಗಾಜಿನ ಲೋಟದಲ್ಲಿ ತಣ್ಣೀರು ತಗೊಂಡು ಮೇಲೆ ಒಂದು ಚಮಚ ಪುಡಿ ಉದುರಿಸಿದೆ. ಕಾಫಿಪುಡಿಯಲ್ಲಿ ಎಣ್ಣೆಯಂಶ ಇರುತ್ತೆ, ಅದು ತೇಲುತ್ತಾ ಕೂತಿತು. ಚಿಕೋರಿ ಕೂಡಲೇ ನೀರು ಹೀರಿ ಇಳಿಯಿತು, ಇಳಿಯುವಾಗ ಹಿಂದೆ ಕಂದು ಗೆರೆ ಎಳೆಯಿತು. ಇದರಿಂದ ಚಿಕೋರಿ ಇದೆ ಅನ್ನೋದಷ್ಟೇ ತಿಳಿಯುತ್ತೆ, ಎಷ್ಟು ಅನ್ನೋದು ತಿಳಿಯಲ್ಲ. ಆದರೂ ಅತ್ತಿಗೆ ಆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು.

ಡಿಕಾಕ್ಷನ್ ಕಪ್ಪಗಿದ್ದರೆ 'ಸ್ಟ್ರಾಂಗ್' ಅನ್ನೋ ನಂಬಿಕೆ ಇದೆಯಲ್ಲ, ಅದಕ್ಕೂ ಪೆಟ್ಟು ಬಿದ್ದದ್ದು ಅಲ್ಲೇ. ಆ ಬಣ್ಣದಲ್ಲಿ ಚಿಕೋರಿಯ ಪಾಲು ದೊಡ್ಡದು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಚಿಕೋರಿ ಬೆರೆತ ಪುಡಿಯ ಬಣ್ಣದಿಂದ ಕಾಫಿ ಹುರಿದ ಹದವೂ ಸರಿಯಾಗಿ ಗೊತ್ತಾಗಲ್ಲ. 'ಮೀಡಿಯಂ ರೋಸ್ಟ್', 'ಡಾರ್ಕ್ ರೋಸ್ಟ್' ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅಳತೆಯೂ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರಿಗೆ ಸೀದದ್ದು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಆ ಎಸ್.795 ಬೀಜವನ್ನು ಮೆಲ್ಬರ್ನ್‌ನಿಂದ ಊರಿಗೆ ಒಯ್ದಿದ್ದೆ. ಕಮ್ಮಿ ಹುರಿದದ್ದು. ಅಮ್ಮ ನಮ್ಮ ಹಿತ್ತಾಳೆ ಫಿಲ್ಟರಿಗೆ ಹಾಕಿದರು. ನೀರು ಸರಸರ ಇಳಿದುಹೋಯಿತು, ಡಿಕಾಕ್ಷನ್ ತೆಳ್ಳಗೆ. ಹಾಲು ಬೆರೆಸಿದ ಮೇಲೆ ಹುಳಿ ಹುಳಿ. ಅಮ್ಮ ಒಂದು ಗುಟುಕು ಕುಡಿದು, "ಹಾಲು ಒಡೆದಿದೆಯೇನೋ" ಅಂದರು. ನಮ್ಮ ದಪ್ಪ ಹಾಲಿಗೆ, ಸಕ್ಕರೆಗೆ ಗಾಢವಾಗಿ ಹುರಿದ ಬೀಜವೇ ಸರಿ. ಸ್ವಲ್ಪ ಚಿಕೋರಿ ಇದ್ದರೆ ನೀರು ನಿಧಾನ ಇಳಿದು ಡಿಕಾಕ್ಷನ್ ಮಂದ ಬರುತ್ತೆ. ಮೆಲ್ಬರ್ನ್‌ನವರು ಪೊಟ್ಟಣದ ಮೇಲೆ 'ಮಲ್ಲಿಗೆ, ಕಿತ್ತಳೆ ಸಿಪ್ಪೆ' ಅಂತ ಬರೆದದ್ದೂ ನಮ್ಮ ಲೋಟದಲ್ಲಿ ಸಿಗಲಿಲ್ಲ. ಅವರ ಹೌಸ್ ಬ್ಲೆಂಡಿನ ಮೇಲೂ ದೇಶಗಳ ಹೆಸರಷ್ಟೇ, ಯಾವುದು ಎಷ್ಟು ಪಾಲು ಅಂತ ಇಲ್ಲ.

ಇನ್ನೊಂದು. ದಾವಣಗೆರೆಯ ಹಳೇ ಕಾಫಿಪುಡಿ ಅಂಗಡಿಯಲ್ಲಿ ಪೊಟ್ಟಣದ ಮೇಲೆ ಏನೂ ಬರೆದಿರಲ್ಲ. ಆದರೆ ಯಜಮಾನರು ಬೀಜ ತೂಗುವಾಗಲೇ ಕೇಳುತ್ತಾರೆ, "ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು? ಚಿಕೋರಿ ಎಷ್ಟ್ ಹಾಕ್ಲಿ?" ಕಣ್ಣೆದುರೇ ಬೀಸಿ, ಬಿಸಿಬಿಸಿ ಇರುವಾಗಲೇ ಕೊಡುತ್ತಾರೆ. ಮೆಲ್ಬರ್ನ್‌ನ ಹುಡುಗಿ ಕೂಡ ನನಗೆ ಅಷ್ಟು ಆಯ್ಕೆ ಕೊಟ್ಟಿಲ್ಲ. ಈಗ ಅತ್ತಿಗೆ ಅಲ್ಲಿಂದಲೇ 80-20 ತರುತ್ತಿದ್ದಾರೆ. ಅಣ್ಣ ಮಾತ್ರ ಆಫೀಸಿನ ಕ್ಯಾಂಟೀನಿನಲ್ಲಿ 53-47 ಕುಡಿದು ಬಂದು, ಅದೇ ಸ್ಟ್ರಾಂಗ್ ಅನ್ನುತ್ತಾನಂತೆ.