ಮಳೆ ಉಳಿಸಿದ ಕರೆಂಟು, ಚಿಲ್ಲರ್‌ಗೆ ಶಾಲು

ಬೆಂಗಳೂರಿನಲ್ಲಿ ಒಂದು ದೊಡ್ಡ ಆಫೀಸ್ ಕಟ್ಟಡ ಇದೆ ಅಂತ ಇಟ್ಕೊಳ್ಳಿ. ಇಡೀ ಕಟ್ಟಡದ ಎಸಿಗೆ ನೀರು ತಣ್ಣಗೆ ಮಾಡಿಕೊಡುವ ಹಳೇ ಚಿಲ್ಲರ್ ತೆಗೆದು ಹೊಸದು ಕೂರಿಸಿದ್ದಾರೆ. ಉಳಿದ ಕರೆಂಟಿನ ದುಡ್ಡಿನಲ್ಲಿ ಗುತ್ತಿಗೆ ಕಂಪನಿಗೆ ಪಾಲು, ಇದು ಒಪ್ಪಂದ. ಆಗಸ್ಟ್ ಮುಗಿಯುತ್ತಲೇ ಸಮಾರಂಭ. ಹಾರ, ಶಾಲು, ಮೈಸೂರು ಪಾಕು, ಹಿಂದೆ ಒಂದು ಫ್ಲೆಕ್ಸ್: "36% ವಿದ್ಯುತ್ ಉಳಿತಾಯ!"

ಈ 36 ಎಲ್ಲಿಂದ ಬಂತು? ಚಿಲ್ಲರ್ ಪ್ಲಾಂಟಿನ ಮೀಟರ್ ಏಪ್ರಿಲ್‌ನಲ್ಲಿ ಹಳೇ ಯಂತ್ರದ ಲೆಕ್ಕಕ್ಕೆ 82,000 ಯೂನಿಟ್ ತೋರಿಸಿತ್ತು. ಆಗಸ್ಟ್‌ನಲ್ಲಿ ಹೊಸದರ ಲೆಕ್ಕಕ್ಕೆ 52,400. ಕಳೆದರೆ 29,600. ಮೂರನೇ ಕ್ಲಾಸಿನ ಮಗು ಕೂಡ ಮಾಡುವ ಲೆಕ್ಕ, ಅಲ್ವಾ? ಏಪ್ರಿಲ್‌ನಲ್ಲಿ ಬೆಂಗಳೂರು ಬೇಯುತ್ತಿರುತ್ತದೆ, ಆಗಸ್ಟ್‌ನಲ್ಲಿ ಜನ ಸ್ವೆಟರ್ ಹುಡುಕುತ್ತಾರೆ ಅನ್ನೋದು ಆ ಮಗುವಿಗೂ ಗೊತ್ತು. ಸಮಿತಿಗೆ ಮಾತ್ರ ಗೊತ್ತಿರಲಿಲ್ಲ.

ಇಂಥ ಗೊಂದಲ ಆಗದಿರಲಿ ಅಂತಲೇ ಎಂ ಅಂಡ್ ವಿ ಪ್ಲಾನ್ ಅನ್ನೋದು ಇರೋದು, ಅಂದರೆ ಉಳಿತಾಯವನ್ನು ಅಳೆದು ಖಚಿತ ಮಾಡಿಕೊಳ್ಳುವ ಯೋಜನೆ. ಇದನ್ನು ಹಳೇ ಯಂತ್ರ ಓಡುತ್ತಿರುವಾಗಲೇ ಬರೆಯಬೇಕು. ಒಂದು ಟನ್ ತಂಪಿಗೆ ಅದು ಎಷ್ಟು ಕಿಲೋವ್ಯಾಟ್ ತಿನ್ನುತ್ತದೆ ಅಂತ ನೀರಿನ ಹರಿವು, ಒಳ ಹೊರಗಿನ ತಾಪ ಎಲ್ಲ ಅಳೆದಿಟ್ಟಿದ್ದರೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ನಮ್ಮವರು ಪ್ಲಾನ್ ಬರೆಯಲು ಕೂತಾಗ ಹಳೇ ಚಿಲ್ಲರ್ ಗುಜರಿಗೆ ಹೋಗಿ ವಾರವಾಗಿತ್ತು. ಉಳಿದದ್ದು ಹಿಂದಿನ 12 ತಿಂಗಳ ಮೀಟರ್ ರೀಡಿಂಗ್ ಮಾತ್ರ.

ಆ ರೀಡಿಂಗನ್ನೇ ಹಿಡಿದು ಒಬ್ಬ ಸಣ್ಣ ವಯಸ್ಸಿನ ಇಂಜಿನಿಯರ್ ಬೇಸ್‌ಲೈನ್ ಕಟ್ಟಿದಳು, ಅಂದರೆ ಹಳೇ ಯಂತ್ರವೇ ಇದ್ದಿದ್ದರೆ ಎಷ್ಟು ತಿನ್ನುತ್ತಿತ್ತು ಅನ್ನೋ ಲೆಕ್ಕ. ದಿನದ ಸರಾಸರಿ ತಾಪ 18 ಡಿಗ್ರಿಗಿಂತ ಎಷ್ಟು ಜಾಸ್ತಿಯೋ ಅದನ್ನು ತಿಂಗಳಿಡೀ ಕೂಡಿದರೆ ಬರುವ ಸಂಖ್ಯೆಗೆ ಕೂಲಿಂಗ್ ಡಿಗ್ರಿ ಡೇ, ಚಿಕ್ಕದಾಗಿ CDD ಅಂತಾರೆ. ಅದನ್ನು ಒಂದು ಕಡೆ, ಯೂನಿಟ್ಟನ್ನು ಇನ್ನೊಂದು ಕಡೆ ಇಟ್ಟು 12 ಚುಕ್ಕಿಗಳ ನಡುವೆ ಗೆರೆ ಎಳೆದಾಗ ಬಂದದ್ದು ಇದು:

```
kWh = 40,000 + 150 × CDD
```

ಏಪ್ರಿಲ್‌ನ CDD 280, ಹಾಗಾಗಿ 82,000 ಯೂನಿಟ್. ಆಗಸ್ಟ್‌ನದು 170. ಹಳೇ ಯಂತ್ರವೇ ಇದ್ದಿದ್ದರೂ ಆಗಸ್ಟ್‌ನಲ್ಲಿ 65,500 ಯೂನಿಟ್ಟೇ ತಿನ್ನುತ್ತಿತ್ತು ಅಂತಾಯ್ತು. ಅಂದರೆ 16,500 ಯೂನಿಟ್ ಉಳಿಸಿದ್ದು ಮಳೆ. ಶಾಲು ಹೊದಿಸಬೇಕಿದ್ದರೆ ಮೋಡಕ್ಕೆ ಹೊದಿಸಬೇಕಿತ್ತು! ಚಿಲ್ಲರ್ ಪಾಲಿಗೆ ಉಳಿದದ್ದು 13,100.

ಅಷ್ಟಕ್ಕೇ ನಿಲ್ಲಲಿಲ್ಲ. ಜುಲೈನಲ್ಲಿ ಮೂರನೇ ಮಹಡಿಯ ಬಾಡಿಗೆದಾರರು ಖಾಲಿ ಮಾಡಿದ್ದರು. ಆ ಮಹಡಿಯ ಜನ, ಕಂಪ್ಯೂಟರ್, ದೀಪ ಇವುಗಳ ಬಿಸಿಯನ್ನು ಈಗ ಯಾರೂ ತಣ್ಣಗೆ ಮಾಡಬೇಕಿಲ್ಲ. ಇದಕ್ಕೆ ಸೂತ್ರದಲ್ಲಿ ಜಾಗ ಇಲ್ಲ, ಕೈಯಾರೆ ಲೆಕ್ಕ ಹಾಕಿ, ಕಾರಣ ಬರೆದು, ಬೇಸ್‌ಲೈನ್ ತಿದ್ದಬೇಕು. ಅವಳ ಅಂದಾಜು 4,000 ಯೂನಿಟ್. ಉಳಿತಾಯ 9,100ಕ್ಕೆ ಇಳಿಯಿತು. ಗುತ್ತಿಗೆದಾರರ ಮುಖವೂ ಇಳಿಯಿತು. "ಏನಮ್ಮಾ, ಖಾಲಿ ಮಹಡಿಗೂ ನಮಗೂ ಏನು ಸಂಬಂಧ?" ಅಂತ ಕೇಳಿದರು. "ಅದನ್ನೇ ನಾನೂ ಹೇಳ್ತಿರೋದು ಸಾರ್" ಅಂದಳು.

ಕೊನೇ ಸಾಲಿಗೆ ಸಭೆಯೇ ಎದ್ದು ನಿಂತಿತು. ಅವಳು ಬರೆದದ್ದು: 9,100 ± 9,400.

ಪಾಪ, ಅವಳದೇನೂ ತಪ್ಪಿಲ್ಲ. ಚುಕ್ಕಿಗಳು ಗೆರೆಯ ಮೇಲೇ ಕೂರುವುದಿಲ್ಲ, ರಜೆ, ತೇವ, ಪಂಪ್ ರಿಪೇರಿ ಅಂತ ತಿಂಗಳಿಗೆ ಸುಮಾರು 5,000 ಯೂನಿಟ್ ಆಚೆ ಈಚೆ ಆಗುತ್ತಿದ್ದವು. ಇದ್ದದ್ದು 12 ಚುಕ್ಕಿ ಮಾತ್ರ, ಹಾಗಾಗಿ 90% ಭರವಸೆಯಿಂದ ಮಾತಾಡಬೇಕಾದರೆ ಒಂದು ತಿಂಗಳಿಗೆ ಇಷ್ಟು ಅಂತರ ಬಿಡಲೇಬೇಕು. ಆಗಸ್ಟ್ ಒಂದನ್ನೇ ನೋಡಿದರೆ ಉಳಿತಾಯ ಆಗಿದೆ ಅಂತ ಆಣೆ ಮಾಡೋಕಾಗಲ್ಲ ಅಂತ ಇದರ ಅರ್ಥ. ಒಂದು ವರ್ಷ ಕಾಯಿರಿ ಅಂದಳು. ಇದೇ ಪ್ರಮಾಣದಲ್ಲಿ ಉಳಿಯುತ್ತಾ ಹೋದರೆ ಉಳಿತಾಯ 12 ಪಟ್ಟಾಗುತ್ತದೆ, ತಿಂಗಳ ಏರುಪೇರು ಮಾತ್ರ ಒಂದನ್ನೊಂದು ಹೊಡೆದುಹಾಕಿ ಮೂರೂವರೆ ಪಟ್ಟಿನ ಸುತ್ತಮುತ್ತ ನಿಲ್ಲುತ್ತದೆ. ಆಗ 1,09,000ಕ್ಕೆ ಸುಮಾರು 33,000 ಆಚೆ ಈಚೆ. ಅದನ್ನು ನಂಬಬಹುದು, ದುಡ್ಡೂ ಕೊಡಬಹುದು.

ಸಮಿತಿ ಬಹಳ ಹೊತ್ತು ಚರ್ಚಿಸಿತು. ಒಬ್ಬ ಹಿರಿಯರು ಎರಡು ಚುಕ್ಕಿ ತೆಗೆದರೆ ಗೆರೆ ಚೆನ್ನಾಗಿ ಕೂರುತ್ತದಲ್ಲಾ ಅಂತ ಸಲಹೆ ಕೊಟ್ಟರು. ಇನ್ನೊಬ್ಬರು ವರ್ಷ ಕಾಯಲು ಬಜೆಟ್ ಮಾರ್ಚ್‌ಗೇ ಮುಗಿಯುತ್ತೆ ಅಂದರು. ಕಡೆಗೆ ಫ್ಲೆಕ್ಸ್‌ನ 36ಕ್ಕೇ ಬಿಲ್ ಪಾಸಾಯಿತು. ನಡಾವಳಿಯಲ್ಲಿ ಹೀಗೆ ಬರೆದಿದ್ದಾರೆ: "ವರದಿಯ ಕೊನೆಯಲ್ಲಿರುವ ± ಚಿಹ್ನೆಯು ಟೈಪಿಂಗ್ ದೋಷವೆಂದು ಕಂಡುಬಂದಿದ್ದು, ಅದನ್ನು ಕೈಬಿಡಲು ತೀರ್ಮಾನಿಸಲಾಯಿತು."